ವಿಕರ್ಣ ಹತ್ತು ಸೆಂಟಿಮೀಟರ್, ಎದುರಿನ ಬಾಹು ಮೈನಸ್ ನಾಲ್ಕು!

ಪ್ರಶ್ನೆ, ಶಿಡ್ಲಘಟ್ಟದಿಂದ ಒಬ್ಬ ತಂದೆ: ಮಗಳ ವರ್ಕ್‌ಶೀಟ್‌ನಲ್ಲಿ ಲಂಬಕೋನ ತ್ರಿಭುಜವಿದೆ. ವಿಕರ್ಣ 10 ಸೆಂ.ಮೀ., ಒಂದು ಕೋನ 35°, ಅದರ ಎದುರಿನ ಬಾಹು ಎಷ್ಟು? ಕೊನೆಯ ಪುಟದ ಉತ್ತರ 5.74. ಅವಳ ಕ್ಯಾಲ್ಕುಲೇಟರ್ −4.28 ಎನ್ನುತ್ತದೆ, ಗೆಳತಿಯದು 5.22. ನಿಮಗೂ ಹೀಗಾಗಿದೆಯೇ?

ಗೌರಿಬಿದನೂರಿನ ತಾಯಿ: ನನ್ನ ಮಗನಿಗೂ ಮೈನಸ್ ಬಂದಿತ್ತು. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿತ್ತು. ಪರದೆಯ ಮೇಲಿನ ಸಣ್ಣ R ಅನ್ನು D ಮಾಡಿದ ಮೇಲೆ ಸರಿಹೋಯಿತು. ಗೆಳತಿಯದು ಮೈನಸ್ ಅಲ್ಲವಲ್ಲ, ಅವಳು ದಶಾಂಶವನ್ನು ತಪ್ಪಾಗಿ ಬರೆದಿರಬೇಕು.

ಕೋಲಾರದ ಭೂಮಾಪಕ: ನನಗೆ ಕಾಡಿದ್ದು ಬೇರೆ. ಕೋನ 35 ಡಿಗ್ರಿ 30 ನಿಮಿಷವಿದ್ದಾಗ 35.30 ಎಂದು ಒತ್ತುತ್ತಿದ್ದೆ. ಮೂವತ್ತು ನಿಮಿಷವೆಂದರೆ ಅರ್ಧ ಡಿಗ್ರಿ, 35.5 ಒತ್ತಬೇಕಿತ್ತು. ಅದನ್ನೂ ನೋಡಿ.

ತುಮಕೂರಿನ ನಿವೃತ್ತ ಗಣಿತ ಶಿಕ್ಷಕಿ: ಇಲ್ಲಿ ನಿಮಿಷಗಳ ಮಾತೇ ಇಲ್ಲ ಸರ್, ಕೋನ ಪೂರ್ಣ 35°. ಮೈನಸ್ ಬಂದದ್ದು ರೇಡಿಯನ್‌ನಿಂದಲೇ. ಒಂದು ಪೂರ್ಣ ಸುತ್ತು ಸುಮಾರು 6.28 ರೇಡಿಯನ್. 35 ರೇಡಿಯನ್ ಎಂದರೆ ಐದು ಸುತ್ತು ಮುಗಿಸಿ, ಆರನೆಯದರಲ್ಲಿ ಅರ್ಧ ದಾಟಿದ ಕೋನ. ಅಲ್ಲಿ ಸೈನ್ ಋಣಾತ್ಮಕ. ಆದರೆ ಮೈನಸ್ ಇಲ್ಲದಿದ್ದರೆ ಸರಿ ಎನ್ನಬೇಡಿ ತಾಯಿ. ಅದೇ ರೇಡಿಯನ್‌ನಲ್ಲಿ `tan 35` ಒತ್ತಿದರೆ ಧನಾತ್ಮಕ 0.47 ಬರುತ್ತದೆ, ನಿಜವಾದದ್ದು 0.70.

ನನ್ನನ್ನು ಹೆಚ್ಚು ಕಾಡುವುದು ಗೆಳತಿಯ 5.22. ಅದು ಗ್ರೇಡಿಯನ್, ಪರದೆಯಲ್ಲಿ G. ಅಲ್ಲಿ ಲಂಬಕೋನವನ್ನು ನೂರು ಭಾಗ ಮಾಡುತ್ತಾರೆ, ಹಾಗಾಗಿ 35 ಎಂಬುದು 31.5° ಆಗಿಬಿಡುತ್ತದೆ. ಬಾಹು ವಿಕರ್ಣಕ್ಕಿಂತ ಚಿಕ್ಕದು, ಚಿತ್ರಕ್ಕೂ ಹೊಂದುತ್ತದೆ. ಮಕ್ಕಳು ಅನುಮಾನವೇ ಪಡುವುದಿಲ್ಲ. ಕೆಲವು ಕ್ಯಾಲ್ಕುಲೇಟರ್‌ಗಳಲ್ಲಿ `DRG` ಗುಂಡಿಯೊಂದಿದ್ದು, ಬೆರಳು ತಗುಲಿದರೆ ಸಾಕು, ವಿಧಾನ ಬದಲಾಗುತ್ತದೆ. ನಾನು ಮೊದಲು `sin 30` ಒತ್ತಿಸುತ್ತಿದ್ದೆ: ಡಿಗ್ರಿಯಲ್ಲಿ 0.5, ರೇಡಿಯನ್‌ನಲ್ಲಿ −0.988, ಗ್ರೇಡಿಯನ್‌ನಲ್ಲಿ 0.454. `sin 0` ಒತ್ತಿ ಪರೀಕ್ಷಿಸಬೇಡಿ, ಮೂರರಲ್ಲೂ ಸೊನ್ನೆಯೇ.

ಬಾಹುಗಳಿಂದ ಕೋನ ಹುಡುಕುವಾಗಲೂ ಇದೇ ಗೋಳು. 3, 4, 5ರ ತ್ರಿಭುಜದಲ್ಲಿ ಚಿಕ್ಕ ಕೋನ 36.87 ಬರಬೇಕು. 40.97 ಬಂದರೆ ಎರಡನೆಯ ಲಘುಕೋನವನ್ನೂ ಹುಡುಕಿ ಕೂಡಿಸಲಿ. ಮೊತ್ತ 90ರ ಬದಲು 100 ಆಗುತ್ತದೆ.

ಶಿಡ್ಲಘಟ್ಟದ ತಂದೆ: ನೋಡಿದೆವು ಮೇಡಂ, ಮಗಳದು R, ಗೆಳತಿಯದು G. ಎರಡನ್ನೂ ಬದಲಿಸಿದಾಗ 5.74 ಬಂತು. ನನ್ನ ಮೊಬೈಲಿನ ಗುಂಡಿ ಮಾತ್ರ `Rad` ಎಂದೇ ತೋರಿಸುತ್ತಿದೆ, ಆದರೂ `sin 30` ಒತ್ತಿದರೆ 0.5!

ಶಿಕ್ಷಕಿ: ಕೆಲವು ಮೊಬೈಲುಗಳಲ್ಲಿ ಗುಂಡಿಯ ಮೇಲಿರುವುದು ಈಗಿನ ವಿಧಾನವಲ್ಲ, ಒತ್ತಿದರೆ ಬರುವ ವಿಧಾನ. ಒಮ್ಮೆ ಒತ್ತಿ ಮತ್ತೆ `sin 30` ನೋಡಿ, ಏನು ಬಂತೆಂದು ಬರೆಯಿರಿ.