ಸಹಾಯ ಬೇಕು: 8 ಪಿಪ್ ಮುಂದಿದ್ದರೆ ಡಬಲ್ ಕೊಡಬೇಕಾ?

ಬ್ಯಾಕ್‌ಗ್ಯಾಮನ್ ಬಲ್ಲವರು ಸ್ವಲ್ಪ ನೋಡಿ ಹೇಳಿ. ಇಬ್ಬರ ಕಾಯಿಗಳೂ ದಾಟಿ ಹೋಗಿವೆ, ಇನ್ನು ಬರೀ ಓಟ. ದಾಳ ನನ್ನ ಕೈಯಲ್ಲಿದೆ, ಕ್ಯೂಬ್ ನಡುವೆಯೇ ಇದೆ, ಪಂದ್ಯದ ಸ್ಕೋರಿನ ಲೆಕ್ಕ ಇಲ್ಲ.

ನನ್ನ ಪಿಪ್ ಕೌಂಟ್ 80, ಎದುರಾಳಿಯದು 88. ಅಂದರೆ ನನ್ನ ಕೌಂಟಿನ ಶೇ. 10ರಷ್ಟು ಮುಂದಿದ್ದೇನೆ. ಶೇ. 8 ದಾಟಿದರೆ ಡಬಲ್ ಕೊಡು, ಶೇ. 12ರವರೆಗೆ ಎದುರಾಳಿ ಒಪ್ಪಬಹುದು ಅನ್ನೋ ನಿಯಮದ ಪ್ರಕಾರ ಕೊಡೋದೇ ಸರಿ, ಅವರು ಒಪ್ಪೋದೂ ಸರಿ.

ಆದರೆ ನನ್ನ ಕಾಯಿಗಳು ಕೂತಿರುವ ರೀತಿ ಚೆನ್ನಾಗಿಲ್ಲ: 9ನೇ ಮನೆಯಲ್ಲಿ 3, 6ರಲ್ಲಿ 5, 5ರಲ್ಲಿ 4, ಉಳಿದ 3 ಸುಮ್ನೆ 1ನೇ ಮನೆಯಲ್ಲಿ ಬಿದ್ದಿವೆ. ಕೊನೆಗೆ ಆ ಮೂರನ್ನು ಎತ್ತುವಾಗ ದೊಡ್ಡ ದಾಳ ಬಿದ್ದರೂ ವ್ಯರ್ಥ, ಅಲ್ವಾ? ಎದುರಾಳಿಯವು ಸಮವಾಗಿ ಹರಡಿವೆ, ದಂಡ ಏನೂ ಇಲ್ಲ.

ಕೀತ್ ಕೌಂಟ್ ಹಾಕಿದೆ. 1ನೇ ಮನೆಯಲ್ಲಿ ಒಂದಕ್ಕಿಂತ ಜಾಸ್ತಿ ಇರುವ ಪ್ರತಿ ಕಾಯಿಗೆ 2ರಂತೆ 4, ಖಾಲಿ ಇರುವ 4ನೇ ಮನೆಗೆ 1, ಒಟ್ಟು 85. ದಾಳ ಹಾಕೋನು ನಾನಾದ್ದರಿಂದ ಅದರ ಏಳನೇ ಒಂದು ಭಾಗ, ಅಂದರೆ 12, ಸೇರಿಸಿದರೆ 97. ಇದು 88ಕ್ಕಿಂತ 4ರಷ್ಟು ಮಾತ್ರ ಜಾಸ್ತಿ ಇದ್ದಿದ್ದರೆ ಡಬಲ್ ಕೊಡಬಹುದಿತ್ತು, ಇಲ್ಲಿ 9 ಜಾಸ್ತಿ. ದಂಡ ಬಿಟ್ಟು ಬರೀ 80ಕ್ಕೆ ಹಾಕಿದರೆ 91, ವ್ಯತ್ಯಾಸ 3, ಆಗ ಆರಾಮಾಗಿ ಕೊಡಬಹುದು.

9ನೇ ಮನೆಯ ಕಾಯಿಗಳು 4ಕ್ಕೆ ಇಳಿಯಬಹುದು, ಹಾಗಾಗಿ ಆ 1 ಬಿಟ್ಟೆ ಅಂದುಕೊಳ್ಳಿ, ಆಗಲೂ 96 ಬರುತ್ತೆ. ಎಲ್ಲಾ ನಿಂತಿರೋದು 1ನೇ ಮನೆಯ ಆ 4ರ ಮೇಲೆ. ಓಟ ಇನ್ನೂ ಇಷ್ಟು ಉದ್ದ ಇರುವಾಗ ಅಷ್ಟು ದಂಡ ನ್ಯಾಯವಾ, ಇಲ್ಲಾ ಕಡಿಮೆ ಹಾಕಬೇಕಾ? ನೀವಾಗಿದ್ದರೆ ಈಗ ಕ್ಯೂಬ್ ಕೊಡ್ತಿದ್ರಾ, ಒಂದು ದಾಳ ಹಾಕಿ ನೋಡ್ತಿದ್ರಾ?