ಮೇಲೆ ಲೈಕಾ, ಡಯಲ್‌ನಲ್ಲಿ 25, 50, 250

"ಚಿಕ್ಕಮ್ಮ, ಗೆಳೆಯನ ಮನೆಯ ಅಟ್ಟದಲ್ಲಿ ಹಳೇ ಲೈಕಾ ಕ್ಯಾಮೆರಾ ಸಿಕ್ಕಿದೆ, ಮೇಲೆ ಹದ್ದಿನ ಗುರುತೂ ಇದೆ. ಡಯಲ್, ಮೈ ಎಲ್ಲಾ ಫೋಟೋ ಹಾಕಿದೀನಿ. ಒಬ್ಬರು ಸಂಗ್ರಹಕ್ಕೆ ಕೇಳ್ತಿದಾರೆ. ಇದು ಅಸಲಿನಾ? ಬೆಲೆ ಹೇಗೆ ಕಟ್ಟೋದು?"

ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ ಕಣೋ. ನಿನ್ನ ಗೆಳೆಯನಿಗೆ ಬೇಜಾರಾಗಬಹುದು, ಆದರೂ ಮೊದಲೇ ಹೇಳಿಬಿಡುತ್ತೇನೆ. ಇದು ಲೈಕಾ ಅಲ್ಲ. ರಷ್ಯಾದ ಜೋರ್ಕಿ ಕ್ಯಾಮೆರಾಗೆ ಯಾರೋ ಲೈಕಾ ವೇಷ ಹಾಕಿದ್ದಾರೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಲ್ಲಿ ಕೇಳು.

ಜರ್ಮನಿಯ ಲೈಟ್ಸ್ ಕಂಪನಿ 1932ರಲ್ಲಿ ಲೈಕಾ 2 ಅನ್ನುವ ಮಾದರಿ ತಂದಿತು. ದೂರ ಅಳೆಯುವ ರೇಂಜ್‌ಫೈಂಡರ್ ಕ್ಯಾಮೆರಾದ ಒಳಗೇ ಇತ್ತು. ಅದನ್ನು ನೋಡಿಕೊಂಡು ಸೋವಿಯತ್ ದೇಶದ ಹಾರ್ಕಿವ್‌ನಲ್ಲಿ 1934ರಿಂದ ಫೆಡ್ ಅನ್ನುವ ಕ್ಯಾಮೆರಾ ಮಾಡಿದರು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ ಅದೇ ಅಚ್ಚಿನ ಜೋರ್ಕಿ ಶುರುವಾಯಿತು. ಆಕಾರ, ಅಳತೆ, ಗುಂಡಿಗಳ ಜಾಗ ಎಲ್ಲಾ ಹೆಚ್ಚುಕಡಿಮೆ ಒಂದೇ. ಹಾಗಾಗಿ ಮೇಲಿನ ರಷ್ಯನ್ ಹೆಸರನ್ನು ಉಜ್ಜಿ ತೆಗೆದು, ಲೈಕಾ ಅಂತ ಕೆತ್ತಿ, ಪಕ್ಕದಲ್ಲಿ ಜರ್ಮನ್ ವಾಯುಪಡೆಯ ಹದ್ದಿನ ಗುರುತೋ 1936ರ ಒಲಿಂಪಿಕ್ ಗುರುತೋ ಹಾಕಿ ಮಾರುವ ದಂಧೆ ಬಹಳ ಕಾಲದಿಂದ ಇದೆ. ನನ್ನ ಮಟ್ಟಿಗೆ ಹದ್ದು ಕಂಡರೆ ಅನುಮಾನ ಜಾಸ್ತಿಯೇ ಆಗುತ್ತೆ.

ಈಗ ನಿನ್ನ ಎರಡನೇ ಫೋಟೋ, ಮೇಲಿಂದ ತೆಗೆದದ್ದು. ಷಟರ್ ವೇಗದ ಡಯಲ್ ಚೆನ್ನಾಗಿ ಬಂದಿದೆ. ಅದರ ಮೇಲೆ 25, 50, 100, 250, 500 ಇದೆ ಅಲ್ವಾ? ಅಂದರೆ ಸೆಕೆಂಡಿನ 25ನೇ ಒಂದು ಭಾಗ, 50ನೇ ಒಂದು ಭಾಗ, ಹೀಗೆ. 1930ರ ದಶಕದ ಲೈಕಾ 2ರಲ್ಲಿ ಈ ಸಾಲು ಇರುವುದೇ ಇಲ್ಲ. ಅದರಲ್ಲಿ 20, 30, 40, 60, 100, 200, 500 ಇರುತ್ತೆ, ಜೊತೆಗೆ ಒಂದು ಜೆಡ್ ಅಕ್ಷರ. 1950ರ ದಶಕದಲ್ಲಿ ಲೈಕಾದವರೂ 25, 50 ತಂದರು. ಆದರೆ ಅವರ ಡಯಲ್‌ನಲ್ಲಿ 50 ಆದಮೇಲೆ 75 ಬರುತ್ತೆ, 100 ಆದಮೇಲೆ 200. ನಿನ್ನ ಫೋಟೋದಲ್ಲಿರುವ ಸಾಲು 1950ರ ದಶಕದ ಜೋರ್ಕಿಯದು. ಕೆತ್ತನೆ ಮಾಡಿದವನು ಹೆಸರು ಬದಲಿಸಿದ, ಡಯಲ್ ಬದಲಿಸುವ ತಾಪತ್ರಯಕ್ಕೆ ಹೋಗಲಿಲ್ಲ.

ಒಂದು ಎಚ್ಚರಿಕೆ. ಡಯಲ್‌ನಲ್ಲಿ ಹಳೇ ಸಾಲು, ಅಂದರೆ 20, 30, 40 ಇದ್ದಿದ್ದರೆ ಅಷ್ಟಕ್ಕೇ ಅಸಲಿ ಅಂತ ಹೇಳುವ ಹಾಗಿರಲಿಲ್ಲ. ಫೆಡ್‌ನಲ್ಲೂ ಮೊದಲ ಜೋರ್ಕಿಗಳಲ್ಲೂ ಅದೇ ಸಾಲು ಇದೆ.

ಭಾವ ಆಗಲೇ ಕ್ಯಾಮೆರಾ ಮೇಲೆ ಕೆತ್ತಿರುವ ನಂಬರ್ ಹುಡುಕಿ, ಎರಡು ಲಕ್ಷದ ಆಸುಪಾಸಿನದು, 1936ಕ್ಕೆ ಸರಿಹೋಗುತ್ತೆ ಅಂತ ಹಾಕಿದ್ದಾರೆ. ಲೆಕ್ಕ ಸರಿಯೇ ಭಾವ. ಆದರೆ ಲೈಕಾ ನಂಬರ್‌ಗಳ ಪಟ್ಟಿ ಎಲ್ಲರಿಗೂ ಸಿಗುತ್ತೆ, ಕೆತ್ತುವವನಿಗೂ ಸಿಗುತ್ತೆ. ಇನ್ನೊಂದು ತೊಡಕೂ ಇದೆ. ಲೈಟ್ಸ್ ಕಂಪನಿಯೇ ಹಳೇ ಕ್ಯಾಮೆರಾಗಳನ್ನು ವಾಪಸ್ ತೆಗೆದುಕೊಂಡು, ನಂಬರ್ ಹಾಗೇ ಉಳಿಸಿ, ಹೊಸ ಮಾದರಿಗೆ ಬದಲಿಸಿ ಕೊಡುತ್ತಿತ್ತು. ಹಾಗಾಗಿ ನಂಬರ್ ಒಂದು ಮಾದರಿ ಹೇಳಿ ಮೈ ಇನ್ನೊಂದು ಹೇಳಿದರೂ ಕ್ಯಾಮೆರಾ ಅಸಲಿಯೇ ಇರಬಹುದು. ಬರೀ ನಂಬರ್ ನೋಡಿ ಹೌದು ಅನ್ನುವುದಕ್ಕೂ ಆಗಲ್ಲ, ಅಲ್ಲ ಅನ್ನುವುದಕ್ಕೂ ಆಗಲ್ಲ.

ನಾಲ್ಕನೇ ಫೋಟೋ ತಳದ್ದು, ಸ್ವಲ್ಪ ಮಸುಕು. ಆದರೂ ತಳದ ಬೀಗದ ಹತ್ತಿರ ಅಂಕಿ ಮೂರರ ಥರ ಒಂದು ಗುರುತು, ಎದುರಿಗೆ ಒಂದು ಸೊನ್ನೆ ಥರದ್ದು ಕಾಣುತ್ತೆ. ಅವು ಅಂಕಿಗಳಲ್ಲ, ಮುಚ್ಚಿದೆ, ತೆರೆದಿದೆ ಅನ್ನುವುದಕ್ಕೆ ಇರುವ ರಷ್ಯನ್ ಅಕ್ಷರಗಳು. ಲೈಕಾದಲ್ಲಿ ಅದೇ ಜಾಗದಲ್ಲಿ ಜರ್ಮನ್ ಭಾಷೆಯ ಔಫ್, ತ್ಸು ಅಂತ ಇರುತ್ತೆ. ವೇಷ ಹಾಕುವವರು ತಳವನ್ನು ಮರೆಯುವುದು ಜಾಸ್ತಿ.

ಸಂಗ್ರಹಕಾರರು ಇಷ್ಟಕ್ಕೂ ಒಪ್ಪದಿದ್ದರೆ ಇನ್ನೊಂದು ಫೋಟೋ ತೆಗೆದು ಕಳಿಸು. ಲೆನ್ಸ್ ಅನ್ನು ಎಡಕ್ಕೆ ತಿರುಗಿಸಿ ಬಿಚ್ಚು. ಲೆನ್ಸ್ ಕೂರುವ ಆ ದುಂಡನೆ ಬಾಯಿಯೊಳಗೆ, ಮೇಲ್ಭಾಗದಲ್ಲಿ, ಒಂದು ಪುಟ್ಟ ತೋಳು ಚಾಚಿಕೊಂಡಿರುತ್ತೆ. ಲೆನ್ಸ್ ಹಿಂದೆ ಮುಂದೆ ಆದಾಗ ಅದು ರೇಂಜ್‌ಫೈಂಡರ್‌ಗೆ ಸುದ್ದಿ ಮುಟ್ಟಿಸುತ್ತೆ. ಲೈಕಾದಲ್ಲಿ ಆ ತೋಳಿನ ತುದಿಗೆ ತಿರುಗುವ ಸಣ್ಣ ಚಕ್ರ ಇರುತ್ತೆ. ಫೆಡ್, ಜೋರ್ಕಿಯಲ್ಲಿ ಚಕ್ರ ಇಲ್ಲ, ಓರೆಯಾಗಿ ನುಣುಪು ಮಾಡಿದ ಗಟ್ಟಿ ಲೋಹದ ತುಂಡು. ಇದನ್ನು ಬದಲಿಸಬೇಕಾದರೆ ಒಳಗಿನ ಜೋಡಣೆಗೇ ಕೈ ಹಾಕಬೇಕು, ಅದಕ್ಕೇ ಇದನ್ನು ನಂಬುತ್ತಾರೆ. ಗಟ್ಟಿ ತುಂಡು ಕಂಡರೆ ಲೈಕಾ ಅಲ್ಲ ಅನ್ನುವುದು ಖಾತ್ರಿ. ಚಕ್ರ ಕಂಡರೆ ಮಾತ್ರ ಅಷ್ಟರಿಂದಲೇ ಲೈಕಾ ಅನ್ನಬೇಡ, ಬೇರೆ ದೇಶದ ನಕಲುಗಳೂ ಇವೆ.

ಫೋಟೋ ತೆಗೆಯುವಾಗ ಫ್ಲ್ಯಾಷ್ ಹಾಕಬೇಡ, ಲೋಹ ಬೆಳ್ಳಗೆ ಹೊಳೆದು ಏನೂ ಕಾಣಲ್ಲ. ಕಿಟಕಿ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿ. ಹಾಗೆ ಹಿಡಿದರೆ ಲೈಕಾ ಹೆಸರಿನ ಸುತ್ತ ಲೋಹ ಸ್ವಲ್ಪ ತಗ್ಗಾಗಿರುವುದು, ಹಳೇ ಅಕ್ಷರ ಉಜ್ಜಿದ ಗೀರು ಇದ್ದರೆ ಅದೂ ಕಾಣಬಹುದು. ಮತ್ತೆ ಕೇಳು, ಫಿಲ್ಮ್ ಸುತ್ತುವ ಗುಂಡಿ ತಿರುಗಿಸಿ ಷಟರ್ ಸಜ್ಜು ಮಾಡದೆ ವೇಗದ ಡಯಲ್ ತಿರುಗಿಸಬೇಡ. ಈ ಕ್ಯಾಮೆರಾಗಳಲ್ಲಿ ಮೊದಲು ಸಜ್ಜು ಮಾಡಿ ಆಮೇಲೆ ವೇಗ ಇಡಬೇಕು. ಫೋಟೋಗಾದರೆ ಮುಟ್ಟಲೇಬೇಡ.

ಲೆನ್ಸ್ ಮೇಲೆ ಎಲ್ಮಾರ್ ಅಂತ ಇದೆ, ಅದು ಲೈಟ್ಸ್‌ನವರ ಲೆನ್ಸ್ ಹೆಸರು. ಅದನ್ನು ಬೇರೆಯಾಗಿಯೇ ನೋಡಬೇಕು, ಏಕೆಂದರೆ ತಿರುಗಿಸಿ ಹಾಕುವ ಲೆನ್ಸ್ ಯಾವಾಗ ಬೇಕಾದರೂ ಬದಲಾಗಬಹುದು. ನಿನ್ನ ಫೋಟೋದಲ್ಲಿ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿಯ ಅಂಕಿಗಳು 3.5, 4, 5.6, 8, 11, 16. ಯುದ್ಧಕ್ಕೆ ಮುಂಚಿನ ಎಲ್ಮಾರ್‌ನಲ್ಲಿ 3.5, 4.5, 6.3, 9, 12.5, 18 ಇರುತ್ತೆ. 1936ರ ಕಥೆಗೆ ಈ ಲೆನ್ಸ್ ಹೊಂದಲ್ಲ. ಎದುರಿನಿಂದ ಇಣುಕಿದರೆ ಅಪರ್ಚರ್ ಎಲೆಗಳು ಮೊದಲ ಗಾಜಿನ ಬೆನ್ನಿಗೇ ಇದ್ದರೆ ಎಲ್ಮಾರ್ ಇರಬಹುದು. ಇನ್ನೂ ಒಳಗೆ, ಎರಡನೇ ಗಾಜಿನ ಹಿಂದೆ ಇದ್ದರೆ ಅದು ರಷ್ಯಾದ ಇಂಡಸ್ಟಾರ್, ಹೆಸರು ಬದಲಿಸಿದ್ದಾರೆ ಅಷ್ಟೇ. ಇಲ್ಲಿ ಎಲೆಗಳು ಒಳಗೇ ಇರುವಂತೆ ಕಾಣುತ್ತೆ, ಆದರೆ ಹತ್ತಿರದ ಫೋಟೋ ಬರಲಿ.

ಬೆಲೆ ವಿಷಯ. ಇದನ್ನು ಕೆಲಸ ಮಾಡುವ ಹಳೇ ಜೋರ್ಕಿ ಅಂತಲೇ ಲೆಕ್ಕ ಹಾಕು, ಅಸಲಿ ಲೈಕಾ 2ರ ಬೆಲೆಯ ಹತ್ತಿರಕ್ಕೂ ಬರಲ್ಲ. ಸೋವಿಯತ್ ಕ್ಯಾಮೆರಾ ಕೂಡಿಡುವವರು ಇದಕ್ಕೆ ಮುಟ್ಟದ ಜೋರ್ಕಿಗಿಂತ ಕಡಿಮೆಯೇ ಕೊಡಬಹುದು, ಮೂಲ ಹೆಸರೇ ಅಳಿಸಿಹೋಗಿದೆಯಲ್ಲ. ನಕಲಿ ಅಂತ ಗೊತ್ತಿದ್ದೇ ಮೋಜಿಗೆ ಕೊಳ್ಳುವವರೂ ಇದ್ದಾರೆ. ಕೇಳಿದವರಿಗೆ ಡಯಲ್ ಫೋಟೋ, ತಳದ ಫೋಟೋ ಕಳಿಸಿ, ಇದು ಜೋರ್ಕಿ, ಲೈಕಾ ಅಂತ ಕೆತ್ತಿದ್ದಾರೆ ಅಂತ ಬರೆದೇ ಮಾತಾಡು. ಗೆಳೆಯನಿಗೆ ಹೇಳು, ಹಿತ್ತಾಳೆ ಕಾಣುವ ಕಡೆ ಪಾಲಿಶ್ ಹಾಕಿ ಉಜ್ಜೋದು ಬೇಡ. ಲೆನ್ಸ್ ಬಿಚ್ಚಿದ ಫೋಟೋ ಬಂದಮೇಲೆ ಇಲ್ಲೇ ಹಾಕು, ತೋಳಿನ ತುದಿ ನೋಡಿ ಹೇಳುತ್ತೇನೆ.