ಪದಚರ್ಚೆ: ಸಮುದ್ರದ ನೀರು ‘ಸಾರರಿಕ್ತ’ ಹೇಗೆ? ‘ಕನಿಷ್ಠ ಒತ್ತಡ’ ಅಂದರೆ ಯಾವುದು?

ಗೆಳೆಯರೇ,

ಪಿಯುಸಿ ಮಕ್ಕಳಿಗಾಗಿ ಒಂದು ಲೆಕ್ಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸಮುದ್ರದ ನೀರನ್ನು ಸಾರರಿಕ್ತ ಉಪ್ಪಿನ ದ್ರಾವಣ ಎಂದುಕೊಂಡು, ಹಿಮ್ಮುಖ ಅಭಿಸರಣೆಯಿಂದ ಸಿಹಿನೀರು ತೆಗೆಯಲು ಬೇಕಾದ ಕನಿಷ್ಠ ಒತ್ತಡ ಕಂಡುಹಿಡಿಯಿರಿ.’ ಉಪ್ಪುನೀರನ್ನು ಒತ್ತಿ, ನೀರು ಮಾತ್ರ ದಾಟಬಲ್ಲ ಪೊರೆಯ ಮೂಲಕ ಹಾಯಿಸುವುದೇ ಹಿಮ್ಮುಖ ಅಭಿಸರಣೆ, ಅಂದರೆ ಆರ್‌ಓ. ಬಾಯಿಗೆ ಹಾಕಿದರೆ ಉಗಿಯಬೇಕು ಅನ್ನಿಸುವ ನೀರು ಸಾರರಿಕ್ತ ಹೇಗಾಯಿತು? ಉತ್ತರ ಸುಮಾರು 30 ಬಾರ್ ಬರುತ್ತದೆ. ಚೆನ್ನೈ ಕಡೆ ಇಂಥ ಸ್ಥಾವರದಲ್ಲಿರುವ ನನ್ನ ಭಾವ, ಮೀಟರಿನ ಮುಳ್ಳು 60ರ ಹತ್ತಿರ ಇರುತ್ತೆ ಅಂತಾರೆ. ‘ಕನಿಷ್ಠ’ ಅನ್ನೋ ಪದವೇ ತಪ್ಪಾ?
– ಮೈಸೂರಿನಿಂದ

ಭಾವ ಹೇಳಿದ್ದೇ ಸರಿ. 60 ಇಲ್ಲದೆ ಸ್ಥಾವರ ನಡೆಯೋದಿಲ್ಲ, ಹಾಗಾಗಿ ಕನಿಷ್ಠ ಅಂದರೆ 60. ‘ಸಾರರಿಕ್ತ’ ಬಿಟ್ಟು ‘ತೆಳು ದ್ರಾವಣ’ ಅನ್ನಿ. ಸಾರು ನೀರಾದರೆ ತೆಳ್ಳಗಾಯ್ತು ಅಂತೀವಲ್ವಾ?
– ಧಾರವಾಡದಿಂದ

ನಮ್ಮನೆ ಬೋರ್‌ವೆಲ್ ನೀರಿಗೂ ಆರ್‌ಓ ಇದೆ. ಅದರ ಪುಟ್ಟ ಪಂಪು 30 ಬಾರ್ ಕೊಡುತ್ತಾ? ಪೈಪು ಒಡೆದುಹೋಗಲ್ವಾ?
– ತುಮಕೂರಿನಿಂದ

ತುಮಕೂರಿನವರೇ, ನಿಮಗೆ ಅಷ್ಟು ಬೇಡ. ಸಿಹಿನೀರು ತಾನಾಗಿಯೇ ಪೊರೆ ದಾಟಿ ಉಪ್ಪುನೀರಿನ ಕಡೆಗೆ ನುಗ್ಗುತ್ತದೆ, ಪಂಪು ಎದುರಿಸಬೇಕಾದದ್ದು ಆ ಒತ್ತಡವನ್ನು. ಲೀಟರಿಗೆ ಒಂದು ಗ್ರಾಂ ಉಪ್ಪಿದ್ದರೆ ಒಂದು ಬಾರ್ ಕೂಡ ಎದುರು ನಿಲ್ಲುವುದಿಲ್ಲ. ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ ಇದೆ. ಎಲ್ಲವೂ ಅಡುಗೆ ಉಪ್ಪೇ ಎಂದುಕೊಂಡರೆ 0.6 ಮೋಲ್. ಕರಗಿದಾಗ ಸೋಡಿಯಂ ಬೇರೆ, ಕ್ಲೋರೈಡ್ ಬೇರೆ ಆಗುವುದರಿಂದ ಕಣಗಳ ಲೆಕ್ಕ 1.2 ಮೋಲ್. ಕೆಳಗೆ π ಆ ಎದುರು ಒತ್ತಡ, i ಒಂದು ಉಪ್ಪು ಒಡೆದು ಆಗುವ ಕಣಗಳ ಸಂಖ್ಯೆ, M ಲೀಟರಿಗೆ ಎಷ್ಟು ಮೋಲ್ ಉಪ್ಪು, R ಅನಿಲ ಸ್ಥಿರಾಂಕ, T ಕೆಲ್ವಿನ್‌ನಲ್ಲಿ ಉಷ್ಣತೆ.

π = iMRT = 2 × 0.6 × 0.0831 × 298 ≈ 29.7 bar

300 ಮೀಟರ್ ಎತ್ತರದ ನೀರಿನ ಕಂಬ ಒತ್ತಿದಷ್ಟು ಇದು.

ಇನ್ನು ‘ಸಾರರಿಕ್ತ’. ಇಲ್ಲಿ ನಾಲಿಗೆಯನ್ನು ಕೇಳಬಾರದು, ಕಣಗಳನ್ನು ಎಣಿಸಬೇಕು. ಒಂದು ಲೀಟರಿನಲ್ಲಿ ನೀರೇ ಸುಮಾರು 55 ಮೋಲ್ ಇದೆ. ಅಂದರೆ 46 ನೀರಿನ ಅಣುಗಳಿಗೆ ಉಪ್ಪಿನದು ಒಂದೇ ಕಣ. ಉಪ್ಪಿನ ಕಣಗಳು ಒಂದನ್ನೊಂದು ಎಳೆಯುವುದಿಲ್ಲ ಎಂದು ಸೂತ್ರ ನಂಬುತ್ತದೆ. ನಿಜದಲ್ಲಿ ಸ್ವಲ್ಪ ಎಳೆಯುತ್ತವೆ. ಜೊತೆಗೆ ಸಮುದ್ರದಲ್ಲಿ ಮೆಗ್ನೀಸಿಯಂ, ಸಲ್ಫೇಟ್‌ನಂಥ ಬೇರೆ ಲವಣಗಳೂ ಇವೆ. ಹಾಗಾಗಿ ನಿಜವಾದ ಬೆಲೆ 26 ಬಾರ್ ಆಸುಪಾಸು.

ಧಾರವಾಡದವರ ಮಾತು ಅರ್ಧ ಸರಿ. ಸೂತ್ರದ ಲೆಕ್ಕದಲ್ಲಿ 30 ಅನ್ನುವುದು ಪೊರೆಯ ಎರಡೂ ಕಡೆಯ ತಳ್ಳಾಟ ಸಮವಾಗುವ ಗಡಿ. ಅಲ್ಲಿ ಒಂದು ಹನಿಯೂ ಪೊರೆ ದಾಟುವುದಿಲ್ಲ, ಅದಕ್ಕಿಂತ ಕೂದಲೆಳೆ ಜಾಸ್ತಿ ಇದ್ದರೆ ಮೊದಲ ಹನಿ. ಸ್ಥಾವರಕ್ಕೆ ಒಂದು ಹನಿ ಸಾಲದು. ಅರ್ಧ ನೀರು ತೆಗೆದರೆ ಉಳಿದ ಅರ್ಧದಲ್ಲಿ ಉಪ್ಪು ಇಮ್ಮಡಿ, ಎದುರು ಒತ್ತಡವೂ 50 ಬಾರ್ ದಾಟುತ್ತದೆ. ಅದನ್ನು ಗೆದ್ದು ನೀರು ಬೇಗ ಹರಿಯಲೆಂದೇ 60.
– ಸುರತ್ಕಲ್‌ನಿಂದ, ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು

ಮೇಷ್ಟ್ರೇ, ಹಾಗಾದರೆ ‘ಮೊದಲ ಹನಿ ದಾಟಲು ಮೀರಬೇಕಾದ ಒತ್ತಡ’ ಅಂತ ಬರೆಯುತ್ತೇನೆ. ಉದ್ದವಾಯಿತು, ಆದರೆ ಮಗುವಿಗೆ ಮೋಸವಿಲ್ಲ. ‘ತೆಳು’ ಇಷ್ಟವಾಯಿತು. ಪರೀಕ್ಷೆಯಲ್ಲಿ ‘ಸಾರರಿಕ್ತ’ ಅಂತಲೇ ಕೇಳ್ತಾರಲ್ಲ, ಏನು ಮಾಡಲಿ?
– ಮೈಸೂರಿನಿಂದ

ಎರಡನ್ನೂ ಹಾಕಿ. ‘ಮೀರಬೇಕಾದ’ ಬೇಡ, ‘ಗಡಿ ಒತ್ತಡ’ ಸಾಕು.
– ಧಾರವಾಡದಿಂದ